ಹಾಲಿನ ನಡುವಿನ ಪಿಲ್ಲರ್: ಅಳಿಯನಿಗೆ ಎಂಜಿನಿಯರ್ ಮಾವನ ಪತ್ರ



ನಿನ್ನ ಪತ್ರ ಬಂತು. ಜೊತೆಯಲ್ಲಿ ನೀನೇ ಟೇಪು ಹಿಡಿದು ಅಳೆದು ಬರೆದ ಹಾಲಿನ ನಕ್ಷೆಯೂ ಬಂತು. ಅಳತೆಗಳನ್ನು ಮೀಟರ್‌ನಲ್ಲಿ ಕೊಟ್ಟಿರುವುದು ಒಳ್ಳೆಯದಾಯಿತು, ಲೆಕ್ಕ ಸುಲಭವಾಗುತ್ತದೆ. ರಸ್ತೆ ಕಡೆಯ ಹಾಲನ್ನು ಅಂಗಡಿಗೆ ಬಾಡಿಗೆ ಕೊಡಬೇಕೆಂದು ಭಾವ ಯೋಚಿಸಿದ್ದಾರೆ, ಬಾಡಿಗೆಗೆ ಬರುವವರು ನಡುವಿನ ಪಿಲ್ಲರ್ ಅಡ್ಡವಾಗುತ್ತದೆ ಎನ್ನುತ್ತಿದ್ದಾರೆ, ಮೇಸ್ತ್ರಿ ನೋಡಿ "ಮೇಲೆ ಬೀಮ್ ಇದೆಯಲ್ಲ ಸಾರ್, ಅದು ತಡೆದುಕೊಳ್ಳುತ್ತೆ, ಪಿಲ್ಲರ್ ತೆಗೆಯಬಹುದು" ಎಂದಿದ್ದಾರೆ. ಅದಕ್ಕೆ ನೀನು ಕೇಳಿರುವ ಪ್ರಶ್ನೆ ಚೆನ್ನಾಗಿದೆ: ಮೇಲಿನ ಭಾರ ಒಂದು ಕಿಲೋ ಕೂಡ ಹೆಚ್ಚಾಗುವುದಿಲ್ಲ, ಬೀಮಿನ ಎರಡೂ ತುದಿಗೆ ಪಿಲ್ಲರ್ ಇದ್ದೇ ಇದೆ, ಹಾಗಿರುವಾಗ ಸಮತೋಲನ ಯಾಕೆ ಕೆಡಬೇಕು? ಇದಕ್ಕೆ ಉತ್ತರ ನಿನ್ನ ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ. ಆದರೆ ಪುಸ್ತಕದಿಂದ ಮನೆಯ ಬೀಮಿನವರೆಗೆ ಅದನ್ನು ನಡೆಸಿಕೊಂಡು ಬರಬೇಕು. ಸಾವಧಾನವಾಗಿ ಓದು, ಅಪ್ಪನಿಗೂ ಓದಿ ಹೇಳು.

ಮೊದಲು ಒಂದು ಚಿಕ್ಕ ಲೆಕ್ಕ. ನಾಲ್ಕು ಮೀಟರ್ ಉದ್ದದ ಒಂದು ಬೀಮ್, ಎರಡು ತುದಿಗೂ ಪಿಲ್ಲರ್. ಅದರ ಮೇಲೆ ಸಾವಿರ ಲೀಟರಿನ ನೀರಿನ ಟ್ಯಾಂಕ್ ಇಟ್ಟೆವು ಎಂದುಕೋ. ನೀರು ತುಂಬಿದಾಗ ಸುಮಾರು ಒಂದು ಟನ್. ಎರಡು ಪಿಲ್ಲರ್‌ಗಳೂ ಸೇರಿ ಆ ಒಂದು ಟನ್ನನ್ನು ಮೇಲಕ್ಕೆ ತಳ್ಳಲೇಬೇಕು, ಇಲ್ಲದಿದ್ದರೆ ಬೀಮ್ ಕೆಳಗೆ ಬರುತ್ತದೆ. ಯಾವ ಪಿಲ್ಲರ್ ಎಷ್ಟು ತಳ್ಳಬೇಕು ಎನ್ನುವುದನ್ನು ಇನ್ನೊಂದು ನಿಯಮ ತೀರ್ಮಾನಿಸುತ್ತದೆ: ಬೀಮ್ ತಿರುಗಲೂ ಬಾರದು. ಟ್ಯಾಂಕು ಎಡ ಪಿಲ್ಲರ್‌ನಿಂದ ಒಂದು ಮೀಟರ್ ದೂರದಲ್ಲಿದ್ದರೆ, ಎಡ ಪಿಲ್ಲರ್‌ನ ಸುತ್ತ ಅದು ಬೀಮನ್ನು ತಿರುಗಿಸುವ ಶಕ್ತಿ ಒಂದು ಟನ್ ಗುಣಿಸು ಒಂದು ಮೀಟರ್, ಅಂದರೆ ಒಂದು ಟನ್-ಮೀಟರ್. ಅದನ್ನು ತಡೆಯಬೇಕಾದ್ದು ನಾಲ್ಕು ಮೀಟರ್ ಆಚೆಯ ಬಲ ಪಿಲ್ಲರ್. ಅದು ಕಾಲು ಟನ್ ತಳ್ಳಿದರೆ ಸಾಕು, ಕಾಲು ಗುಣಿಸು ನಾಲ್ಕು ಒಂದಾಗುತ್ತದೆ. ಉಳಿದ ಮುಕ್ಕಾಲು ಟನ್ ಎಡ ಪಿಲ್ಲರ್‌ನ ಪಾಲು. ಬಲಗಳು ಮೇಲೆ-ಕೆಳಗೆ ಸರಿಹೋಗಬೇಕು, ಅಕ್ಕಪಕ್ಕ ಸರಿಹೋಗಬೇಕು, ತಿರುಗಿಸುವ ಬಲವೂ ಸರಿಹೋಗಬೇಕು. ಸಮತೋಲನ ಎಂದರೆ ಈ ಮೂರು. ಈ ತಿರುಗಿಸುವ ಬಲವನ್ನು ನಾವು ಮೊಮೆಂಟ್ ಎನ್ನುತ್ತೇವೆ. ನಿಮ್ಮ ಮನೆಯ ಪ್ರಶ್ನೆಯೆಲ್ಲ ಇರುವುದು ಈ ಮೂರನೆಯದರಲ್ಲಿ.

ಈಗ ನಿಮ್ಮ ಹಾಲಿಗೆ ಬರೋಣ. ನಿನ್ನ ನಕ್ಷೆಯ ಪ್ರಕಾರ ಬೀಮಿನ ಒಟ್ಟು ಉದ್ದ ಎಂಟು ಮೀಟರ್, ನಡುವೆ ನಾಲ್ಕು ಮೀಟರಿಗೆ ಆ ಪಿಲ್ಲರ್. ಬೀಮಿನ ಎರಡೂ ಕಡೆಯ ತಾರಸಿಯ ಅರ್ಧರ್ಧ ಭಾರ, ಅದರ ಮೇಲಿನ ಗಾರೆ, ಜನ ಓಡಾಡುವ ಭಾರ, ಬೀಮಿನ ಸ್ವಂತ ತೂಕ, ಎಲ್ಲ ಕೂಡಿ ಒಂದು ಮೀಟರಿಗೆ ಸುಮಾರು ಎರಡೂವರೆ ಟನ್ ಎಂದು ಹಿಡಿದಿದ್ದೇನೆ. ಎಂಟು ಮೀಟರಿಗೆ 20 ಟನ್. ಈ 20 ಟನ್ ಪಿಲ್ಲರ್ ಇದ್ದರೂ 20, ಇಲ್ಲದಿದ್ದರೂ 20. ನೀನು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ.

ಪಿಲ್ಲರ್ ಇರುವಾಗ ಈ 20 ಟನ್ ಹೇಗೆ ಹಂಚಿಹೋಗುತ್ತದೆ? ನಡುವಿನ ಪಿಲ್ಲರ್‌ಗೆ ಅರ್ಧ, ತುದಿಗಳಿಗೆ ಕಾಲು ಕಾಲು ಎಂದು ಹೇಳಬೇಕು ಅನಿಸುತ್ತದೆ. ನಿಜವಾಗಿ ನಡುವಿನದು ಹೊರುವುದು ಹನ್ನೆರಡೂವರೆ ಟನ್, ತುದಿಗಳು ಮೂರು ಮುಕ್ಕಾಲು ಟನ್ ಮಾತ್ರ. ಮೂರು ಪಿಲ್ಲರ್ ಇರುವಾಗ ಸಮತೋಲನದ ನಿಯಮ ಒಂದರಿಂದಲೇ ಇದು ಸಿಗುವುದಿಲ್ಲ, ಬೀಮ್ ಎಷ್ಟು ಬಾಗುತ್ತದೆ ಎಂಬುದನ್ನೂ ಸೇರಿಸಬೇಕು. ಮನಸ್ಸಿನಲ್ಲಿ ಹೀಗೆ ಮಾಡು: ನಡುವಿನ ಪಿಲ್ಲರ್ ಇಲ್ಲವೆಂದು ಬೀಮನ್ನು ಜೋತುಬೀಳಲು ಬಿಡು. ಆಮೇಲೆ ಕೆಳಗಿನಿಂದ ಜಾಕ್ ಕೊಟ್ಟು ನಡುವನ್ನು ಮತ್ತೆ ಮೊದಲಿನ ಮಟ್ಟಕ್ಕೆ ಎತ್ತು. ಎತ್ತಲು ಬೇಕಾಗುವ ಬಲ ಒಟ್ಟು ಭಾರದ ಎಂಟನೇ ಐದು ಭಾಗ, ಅಂದರೆ ಹನ್ನೆರಡೂವರೆ ಟನ್. ನಿಮ್ಮ ಅಂಗಡಿಯವರಿಗೆ ಅಡ್ಡವಾಗಿ ಕಾಣುತ್ತಿರುವ ಪಿಲ್ಲರ್ ಹಗಲೂ ರಾತ್ರಿ ಆ ಜಾಕಿನ ಕೆಲಸ ಮಾಡುತ್ತಿದೆ. ಹಾಲಿನ ಮೂರು ಪಿಲ್ಲರ್‌ಗಳಲ್ಲಿ ಅತಿ ಹೆಚ್ಚು ದುಡಿಯುತ್ತಿರುವುದು ಅದೇ.

ಇನ್ನು ಬೀಮಿನ ಒಳಗೆ ಹೋಗೋಣ. ಸಮತೋಲನ ಇಡೀ ಬೀಮಿಗೆ ಮಾತ್ರ ಇದ್ದರೆ ಸಾಲದು, ಬೀಮಿನ ಯಾವ ತುಂಡನ್ನು ಬೇರೆ ಮಾಡಿ ನೋಡಿದರೂ ಆ ತುಂಡಿಗೂ ಇರಬೇಕು. ನಾವು ಎಂಜಿನಿಯರುಗಳು ಮಾಡುವ ಲೆಕ್ಕಗಳಲ್ಲಿ ಇದಕ್ಕಿಂತ ಉಪಯೋಗದ ಸಂಗತಿ ನನಗೆ ಬೇರೆ ಕಂಡಿಲ್ಲ. ನಡುವಿನ ಪಿಲ್ಲರ್‌ನ ತಲೆಯ ಮೇಲೆ ಸರಿಯಾಗಿ ಬೀಮನ್ನು ಕತ್ತರಿಸಿದಂತೆ ಕಲ್ಪಿಸಿಕೊಂಡು ಎಡಗಡೆಯ ನಾಲ್ಕು ಮೀಟರ್ ತುಂಡನ್ನು ಮಾತ್ರ ನೋಡು. ಅದರ ಎಡ ತುದಿಯಲ್ಲಿ ಪಿಲ್ಲರ್ ಮೂರು ಮುಕ್ಕಾಲು ಟನ್ ಮೇಲಕ್ಕೆ ತಳ್ಳುತ್ತಿದೆ. ಕತ್ತರಿಸಿದ ಜಾಗದಿಂದ ಅದು ನಾಲ್ಕು ಮೀಟರ್ ದೂರ, ಆದ್ದರಿಂದ ತಿರುಗಿಸುವ ಬಲ 15 ಟನ್-ಮೀಟರ್. ತುಂಡಿನ ಮೇಲಿನ ಭಾರ 10 ಟನ್, ಅದರ ನಡುಬಿಂದು ಎರಡು ಮೀಟರ್ ದೂರ, ಅದು ಎದುರು ದಿಕ್ಕಿಗೆ 20 ಟನ್-ಮೀಟರ್ ತಿರುಗಿಸುತ್ತದೆ. ವ್ಯತ್ಯಾಸ 5. ತುಂಡು ತಿರುಗಿ ಬೀಳದೆ ಇರಬೇಕಾದರೆ ಈ 5 ಟನ್-ಮೀಟರನ್ನು ಕತ್ತರಿಸಿದ ಜಾಗದಲ್ಲಿ ಬೀಮಿನ ಒಳಗಿನ ಕಬ್ಬಿಣ ಮತ್ತು ಕಾಂಕ್ರೀಟ್ ಕೊಡಬೇಕು. ಅಲ್ಲಿ ಬೀಮ್ ಪಿಲ್ಲರ್‌ನ ಮೇಲೆ ಗೂನುಬೆನ್ನಿನ ಹಾಗೆ ಬಾಗಿದೆ. ಮೇಲ್ಮೈ ಹಿಗ್ಗುತ್ತದೆ, ಕೆಳಮೈ ಕುಗ್ಗುತ್ತದೆ.

ಕಾಂಕ್ರೀಟನ್ನು ಅದುಮಿದರೆ ಬಹಳ ತಡೆಯುತ್ತದೆ, ಎಳೆದರೆ ಅದರ ಸುಮಾರು ಹತ್ತನೇ ಒಂದು ಭಾಗಕ್ಕೇ ಬಿರುಕು ಬಿಡುತ್ತದೆ. ಅದಕ್ಕೇ ಹಿಗ್ಗುವ ಕಡೆ ಕಂಬಿ ಹಾಕುತ್ತೇವೆ. ನಡುವಿನ ಪಿಲ್ಲರ್‌ನ ಮೇಲೆ ಹಿಗ್ಗುವುದು ಬೀಮಿನ ಮೇಲ್ಭಾಗ, ಆದ್ದರಿಂದ ಮುಖ್ಯ ಕಂಬಿಗಳು ಅಲ್ಲಿ ಮೇಲೆ ಇರುತ್ತವೆ. ಪಿಲ್ಲರ್‌ಗಳ ನಡುವಿನ ಜಾಗದಲ್ಲಿ ಬೀಮ್ ಕೆಳಕ್ಕೆ ಜೋಲುತ್ತದೆ, ಅಲ್ಲಿ ಕಂಬಿ ಕೆಳಗೆ. ಮನೆ ಕಟ್ಟುವಾಗ ಸೆಂಟ್ರಿಂಗ್ ಮೇಲೆ ಹತ್ತಿ ನೋಡಿದ್ದರೆ ಪಿಲ್ಲರ್‌ಗಳ ತಲೆಯ ಹತ್ತಿರ ಮೇಲ್ಗಡೆ ಹೆಚ್ಚುವರಿ ಕಂಬಿ ಕಟ್ಟಿದ್ದು ನಿನಗೆ ಕಾಣುತ್ತಿತ್ತು. ಅದರ ಕಾರಣ ಇದೇ.

ಈಗ ಪಿಲ್ಲರ್ ತೆಗೆದುಬಿಡು. ತುದಿಯ ಪಿಲ್ಲರ್‌ಗಳಿಗೆ ಹತ್ತು ಹತ್ತು ಟನ್ ಬರುತ್ತದೆ. ಅದೇ ಜಾಗದಲ್ಲಿ ಮತ್ತೆ ಕತ್ತರಿಸಿ ಅದೇ ಎಡ ತುಂಡಿನ ಲೆಕ್ಕ ಮಾಡು. ತುದಿ ಪಿಲ್ಲರ್ ತಳ್ಳುವುದು 10 ಟನ್, ದೂರ 4 ಮೀಟರ್, ಒಟ್ಟು 40. ಭಾರ 10 ಟನ್, ದೂರ 2 ಮೀಟರ್, ಒಟ್ಟು 20. ವ್ಯತ್ಯಾಸ 20 ಟನ್-ಮೀಟರ್. ಮೊದಲು 5 ಇದ್ದದ್ದು ಈಗ 20, ಅಂದರೆ ನಾಲ್ಕು ಪಟ್ಟು. ಅದಕ್ಕಿಂತ ದೊಡ್ಡ ಸಂಗತಿ ದಿಕ್ಕಿನದು. ಮೊದಲು ಭಾರದ ಕೈ ಮೇಲಾಗಿತ್ತು, ಈಗ ಪಿಲ್ಲರ್‌ನ ಕೈ ಮೇಲಾಗಿದೆ. ಗೂನಾಗಿದ್ದ ಜಾಗ ಈಗ ತೊಟ್ಟಿಲಿನಂತೆ ಜೋಲುತ್ತದೆ. ಹಿಗ್ಗುವುದು ಕೆಳಭಾಗ. ಕಂಬಿ ದಪ್ಪಗೆ ಇರುವುದು ಮೇಲೆ! ಭಾರ ಒಂದು ಕಿಲೋ ಹೆಚ್ಚದೆ ಬೀಮ್ ತಪ್ಪು ಬೀಮ್ ಆಗಿಬಿಡುತ್ತದೆ. ನಿನ್ನ ಪ್ರಶ್ನೆಗೆ ಉತ್ತರ ಇದು.

ಎಷ್ಟು ತಪ್ಪು ಎಂಬುದನ್ನೂ ಅಂದಾಜು ಮಾಡೋಣ. ನಿಮ್ಮ ಬೀಮ್ ಒಂಬತ್ತು ಇಂಚು ಅಗಲ, ಹದಿನೆಂಟು ಇಂಚು ಎತ್ತರ. ಅದರೊಳಗೆ ಅದುಮುವ ಬಲಕ್ಕೂ ಎಳೆಯುವ ಬಲಕ್ಕೂ ನಡುವಿನ ಅಂತರ ಸುಮಾರು 36 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಬಹುದು. ಎಳೆತದ ಬಲವನ್ನು ಈ ಅಂತರದಿಂದ ಗುಣಿಸಿದರೆ ಬೀಮ್ ಕೊಡಬಲ್ಲ ಮೊಮೆಂಟ್ ಸಿಗುತ್ತದೆ. 20 ಟನ್-ಮೀಟರ್ ಬೇಕಾದರೆ ಕೆಳಗಿನ ಕಂಬಿಗಳು 55 ಟನ್ ಎಳೆತ ತಡೆಯಬೇಕು. ಇಂತಹ ಬೀಮಿನಲ್ಲಿ ಕೆಳಗೆ ಸಾಮಾನ್ಯವಾಗಿ ಎರಡು 16 ಎಂಎಂ ಕಂಬಿ ಇರುತ್ತವೆ. ಈಗ ಮಾರುಕಟ್ಟೆಯಲ್ಲಿ ಸಿಗುವ 500 ದರ್ಜೆಯ 16 ಎಂಎಂ ಕಂಬಿ ಸುಮಾರು 10 ಟನ್ ಎಳೆತಕ್ಕೆ ಸೋತು ಜಗ್ಗತೊಡಗುತ್ತದೆ. ಎರಡಕ್ಕೆ 20 ಟನ್. ಬೇಕಾದ್ದು 55. ವಿನ್ಯಾಸದಲ್ಲಿ ಸುರಕ್ಷತೆಗೆಂದು ಹೆಚ್ಚು ಹಾಕಿರುತ್ತಾರಲ್ಲ ಎಂದು ಭಾವ ಕೇಳಬಹುದು. ಹೌದು, ನಮ್ಮ ಐಎಸ್ 456 ಸಂಹಿತೆಯಂತೆ ಸಾಮಾನ್ಯ ಭಾರವನ್ನು ಒಂದೂವರೆ ಪಟ್ಟು ಎಂದು ಲೆಕ್ಕ ಹಿಡಿಯುತ್ತೇವೆ, ಸಾಮಗ್ರಿಗಳ ಶಕ್ತಿಯಲ್ಲಿಯೂ ಸ್ವಲ್ಪ ಬಿಟ್ಟು ಹಿಡಿಯುತ್ತೇವೆ. ನಾಲ್ಕು ಪಟ್ಟನ್ನು, ಅದೂ ತಿರುಗುಮುರುಗಾದ ನಾಲ್ಕು ಪಟ್ಟನ್ನು, ಆ ಉಳಿತಾಯ ನುಂಗಲಾರದು. ಇನ್ನೂ ಒಂದು ಮಾತು: ಕೆಳಗಿನ ಕಂಬಿಗಳ ಉದ್ದ ಸಾಲದಿದ್ದಾಗ ಜೋಡಣೆಯನ್ನು ಪಿಲ್ಲರ್‌ನ ಹತ್ತಿರವೇ ಕೊಡುವುದು ರೂಢಿ, ಯಾಕೆಂದರೆ ಅಲ್ಲಿ ಕೆಳಭಾಗಕ್ಕೆ ಎಳೆತ ಬರುವುದಿಲ್ಲ. ನೀವು ಪಿಲ್ಲರ್ ತೆಗೆದರೆ ಅತಿ ಹೆಚ್ಚು ಎಳೆತ ಬರುವುದು ಆ ಜೋಡಣೆಯ ಮೇಲೆಯೇ ಆಗಬಹುದು.

ಈ ಲೆಕ್ಕದ ಮಿತಿಯನ್ನೂ ಹೇಳಬೇಕು. ನಾನು ಬೀಮನ್ನು ಪಿಲ್ಲರ್‌ಗಳ ಮೇಲೆ ಸುಮ್ಮನೆ ಇಟ್ಟಂತೆ ಲೆಕ್ಕ ಹಾಕಿದೆ. ನಿಜವಾಗಿ ತುದಿಯ ಪಿಲ್ಲರ್‌ಗಳೂ ಬೀಮೂ ಒಟ್ಟಿಗೆ ಎರಕಗೊಂಡಿವೆ. ಆದ್ದರಿಂದ ತುದಿಗಳು ಬೀಮನ್ನು ಸ್ವಲ್ಪ ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ನಡುವಿನ 20 ಇಳಿಯುತ್ತದೆ. ಆದರೆ ಇಳಿದದ್ದು ಎಲ್ಲಿಯೂ ಮಾಯವಾಗುವುದಿಲ್ಲ. ನಡುವಿನಲ್ಲಿ 14ಕ್ಕೆ ಇಳಿದರೆ ತುದಿಗಳಲ್ಲಿ 6 ಇರಲೇಬೇಕು, ಎರಡರ ಮೊತ್ತ ಯಾವಾಗಲೂ 20. ಆ 6 ತುದಿಯ ಪಿಲ್ಲರ್‌ಗಳ ತಲೆಯನ್ನು ಒಳಕ್ಕೆ ಬಾಗಿಸುತ್ತದೆ. ಮೊದಲೇ ಅವುಗಳ ಭಾರ ಮೂರು ಮುಕ್ಕಾಲು ಟನ್ನಿನಿಂದ ಹತ್ತಕ್ಕೆ ಏರಿದೆ, ಅದರ ಜೊತೆಗೆ ಈ ಬಾಗಿಸುವಿಕೆ. ಅವುಗಳ ಕೆಳಗಿನ ಫುಟಿಂಗ್ ಕೂಡ ಮೂರು ಮುಕ್ಕಾಲಿನ ಲೆಕ್ಕಕ್ಕೆ ಹಾಕಿದ್ದು. ನಿಮ್ಮ ಕಡೆಯ ಎರೆಮಣ್ಣಿನಲ್ಲಿ ಇದು ಸಣ್ಣ ವಿಷಯವಲ್ಲ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮಣ್ಣು ಅದು, ಹೆಚ್ಚಿನ ಒತ್ತಡ ಬಿದ್ದ ಕಡೆ ಪಿಲ್ಲರ್ ಕುಸಿದು ಕೂರುತ್ತದೆ.

ಮುಂದೆ ಮಹಡಿ ಏರಿಸುವ ಯೋಚನೆಯೂ ಭಾವನಿಗೆ ಇದೆ ಎಂದು ಅಕ್ಕ ಹೇಳಿದ್ದಳು. ಹಾಗಾದರೆ ಕೆಳಗೆ ಪಿಲ್ಲರ್ ಇಲ್ಲದ ಕಡೆ ಮೇಲೂ ಪಿಲ್ಲರ್ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಅದರ ಕಾಲಿಗೆ ಆಸರೆ ಜೋಲುತ್ತಿರುವ ಬೀಮ್ ಮಾತ್ರ.

ಇಷ್ಟೆಲ್ಲ ಲೆಕ್ಕ ಹೇಳಿದ ಮೇಲೂ ಮೇಸ್ತ್ರಿ ಒಂದು ಮಾತು ಹೇಳುತ್ತಾರೆ, ಅದು ಸುಳ್ಳಲ್ಲ: "ಎಷ್ಟೋ ಕಡೆ ತೆಗೆದಿದ್ದೀವಿ, ಎಲ್ಲ ನಿಂತಿವೆ." ನಿಂತಿರುತ್ತವೆ. ಕಟ್ಟಡ ಬೀಳುವ ಮುಂಚೆ ತನಗೆ ಸಿಗುವ ಎಲ್ಲ ಆಸರೆಗಳನ್ನೂ ಹುಡುಕುತ್ತದೆ. ಬೀಮಿನ ಕೆಳಗೆ ಇಟ್ಟಿಗೆ ಗೋಡೆ ಇದ್ದರೆ ಅದರ ಮೇಲೆ ಕೂರುತ್ತದೆ. ತಾರಸಿಯ ಕಾಂಕ್ರೀಟು ಬೀಮಿನ ಭಾರವನ್ನು ಸ್ವಲ್ಪ ಅಡ್ಡ ದಿಕ್ಕಿಗೆ ದಾಟಿಸುತ್ತದೆ. ಲೆಕ್ಕದಲ್ಲಿ ಹಿಡಿದ ಜನರ ಭಾರ ದಿನವೂ ತಾರಸಿಯ ಮೇಲಿರುವುದಿಲ್ಲ. ಹೀಗೆ ಹೊಸದೊಂದು ಸಮತೋಲನ ಸಿಗುತ್ತದೆ, ಆದರೆ ಅದು ಯಾರೂ ಲೆಕ್ಕ ಹಾಕದ ಸಮತೋಲನ. ನಾಳೆ ಅಂಗಡಿಯವನು ಅಡ್ಡಗೋಡೆ ಒಡೆಸಿದರೆ, ತಾರಸಿಯ ಮೇಲೆ ಇನ್ನೊಂದು ಟ್ಯಾಂಕ್ ಇಟ್ಟರೆ ಅದು ಹೋಯಿತು. ಸದಾ ಭಾರ ಹೊರುವ ಕಾಂಕ್ರೀಟು ವರ್ಷಗಳುದ್ದಕ್ಕೂ ನಿಧಾನವಾಗಿ ಕುಗ್ಗುತ್ತಲೇ ಇರುತ್ತದೆ, ಆದ್ದರಿಂದ ಮೊದಲ ದಿನದ ಜೋಲು ಅಲ್ಲಿಗೇ ನಿಲ್ಲುವುದೂ ಇಲ್ಲ.

ದಕ್ಷಿಣ ಕೊರಿಯಾದ ಸೋಲ್ ನಗರದ ಸ್ಯಾಂಪೂಂಗ್ ಮಳಿಗೆಯ ಕಥೆ ನೀನು ಕೇಳಿರಲಿಕ್ಕಿಲ್ಲ. ಬೇರೆ ಬಳಕೆಗೆಂದು ಯೋಜಿಸಿದ ಕಟ್ಟಡವನ್ನು ದೊಡ್ಡ ಅಂಗಡಿಯಾಗಿ ಬದಲಿಸಿದರು. ಎಸ್ಕಲೇಟರ್‌ಗಳಿಗೆ ಜಾಗ ಮಾಡಲು ಕೆಲವು ಕಂಬಗಳನ್ನು ಕಡಿದರು, ಉಳಿದ ಕಂಬಗಳೂ ಇರಬೇಕಾದಷ್ಟು ದಪ್ಪ ಇರಲಿಲ್ಲ, ಮೇಲೆ ಐದನೆಯ ಅಂತಸ್ತು ಸೇರಿಸಿ ಊಟದ ಹೋಟೆಲುಗಳನ್ನು ತಂದರು. ತಾರಸಿಯ ಮೇಲಿನ ಭಾರಿ ಹವಾನಿಯಂತ್ರಣ ಯಂತ್ರಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದೊಯ್ದರು, ಆಗಲೇ ಬಿರುಕು ಬಿಟ್ಟಿತು. ಆದರೂ ಕಟ್ಟಡ ವರ್ಷಗಟ್ಟಲೆ ನಿಂತೇ ಇತ್ತು. 1995ರ ಜೂನ್ 29ರ ಬೆಳಿಗ್ಗೆ ಐದನೆಯ ಅಂತಸ್ತಿನಲ್ಲಿ ಬಿರುಕುಗಳು ಹಿಗ್ಗಿದ್ದು ಕಂಡರೂ ಮೇಲಂತಸ್ತನ್ನು ಮಾತ್ರ ಮುಚ್ಚಿ ವ್ಯಾಪಾರ ಮುಂದುವರಿಸಿದರು. ಸಂಜೆ ಆರಕ್ಕೆ ಮುಂಚೆ ಕಂಬಗಳು ಮೇಲಿನ ಚಪ್ಪಡಿಯನ್ನು ತೂತು ಮಾಡಿಕೊಂಡು ಹೊರಬಂದವು, ಕಟ್ಟಡ ಕುಸಿಯಿತು. 502 ಜನ ಸತ್ತರು. ಅಲ್ಲಿ ಬೀಮ್‌ಗಳೇ ಇರಲಿಲ್ಲ, ಚಪ್ಪಡಿ ನೇರವಾಗಿ ಕಂಬಗಳ ಮೇಲೆ ಕೂತಿತ್ತು. ಹಾಗಾಗಿ ಒಂದು ಕಂಬದ ಸುತ್ತ ಕೈಬಿಟ್ಟ ಭಾರ ಪಕ್ಕದ ಕಂಬಕ್ಕೆ ದಾಟಿ ಅದನ್ನೂ ಸೋಲಿಸಿತು. ನಿಮ್ಮ ಹಾಲು ಅಷ್ಟು ದೊಡ್ಡದಲ್ಲ, ಆದರೆ ಭಾರದ ದಾರಿ ಬದಲಿಸಿ, ಹೊಸ ದಾರಿಯನ್ನು ಲೆಕ್ಕ ಹಾಕದೆ ಬಿಡುವುದು ಎರಡು ಕಡೆಯೂ ಒಂದೇ.

ಅಕ್ಕಪಕ್ಕದ ಮನೆಯಲ್ಲಿ ಯಾರಾದರೂ ಈಗಾಗಲೇ ಪಿಲ್ಲರ್ ತೆಗೆದಿದ್ದರೆ ಏನು ನೋಡಬೇಕು ಎಂದೂ ಕೇಳಿದ್ದೀಯ. ಬೀಮಿನ ಕೆಳಮೈಯಲ್ಲಿ, ಪಿಲ್ಲರ್ ಇದ್ದ ಜಾಗದ ಸುತ್ತ, ನೆಟ್ಟಗೆ ಮೇಲಕ್ಕೆ ಏರುವ ಬಿರುಕುಗಳಿದ್ದರೆ ಅದು ಬಾಗುವಿಕೆಯಿಂದ ಬಂದದ್ದು. ತುದಿ ಪಿಲ್ಲರ್‌ಗಳ ಹತ್ತಿರ ಬೀಮಿನ ಪಕ್ಕದಲ್ಲಿ ಓರೆಯಾಗಿ ಏರುವ ಬಿರುಕು ಇದ್ದರೆ ಇನ್ನೂ ಅಪಾಯ, ಅಂತಹ ಸೋಲು ಮುನ್ಸೂಚನೆ ಕೊಡದೆ ಬರಬಹುದು. ಪಿಲ್ಲರ್‌ನಲ್ಲಿಯೇ ನೆಟ್ಟಗಿನ ಸೀಳು ಕಂಡರೆ, ಕಾಂಕ್ರೀಟಿನ ಹೊಟ್ಟು ಉದುರುತ್ತಿದ್ದರೆ ಆ ಕೋಣೆಯಲ್ಲಿ ಯಾರೂ ಇರಬಾರದು. ಬಿರುಕಿನ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೆಳು ಪಟ್ಟಿ ಹಚ್ಚಿ ತಾರೀಖು ಬರೆದಿಡಲಿ. ಪಟ್ಟಿ ಒಡೆದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದೂ ಬೀಮ್ ಇಳಿಯುತ್ತಿರುವ ಗುರುತು.

ಪಿಲ್ಲರ್ ತೆಗೆಯಲು ಸಾಧ್ಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸಾಧ್ಯ, ಆದರೆ ಅದರ ಕ್ರಮ ಬೇರೆ. ಬೀಮಿನ ಕೆಳಗೆ ಉದ್ದಕ್ಕೂ ಉಕ್ಕಿನ ಐ-ಸೆಕ್ಷನ್ ಕೊಡಬೇಕು. ನಿಮ್ಮ 20 ಟನ್-ಮೀಟರಿಗೆ ನನ್ನ ಲೆಕ್ಕದಲ್ಲಿ 450 ಎಂಎಂ ಎತ್ತರದ್ದು ಬೇಕಾಗುತ್ತದೆ. ಮೀಟರಿಗೆ ಸುಮಾರು 72 ಕಿಲೋ, ಎಂಟು ಮೀಟರಿಗೆ ಹತ್ತಿರ ಹತ್ತಿರ 580 ಕಿಲೋ. ಅಂತಹ ಉಕ್ಕಿನ ಬೀಮೂ ಪೂರ್ತಿ ಭಾರ ಬಿದ್ದಾಗ ನಡುವಿನಲ್ಲಿ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಜೋಲುತ್ತದೆ. ಅಷ್ಟು ಜೋತರೆ ಮೇಲಿನ ಹಳೆಯ ಕಾಂಕ್ರೀಟ್ ಬೀಮ್ ಬಿರುಕು ಬಿಡುತ್ತದೆ. ಆದ್ದರಿಂದ ಪಿಲ್ಲರ್ ಕಡಿಯುವ ಮುಂಚೆಯೇ ಹೊಸ ಬೀಮಿಗೂ ಹಳೆಯ ಬೀಮಿಗೂ ನಡುವೆ ಜಾಕ್ ಕೊಟ್ಟು, ಭಾರವನ್ನು ಉಕ್ಕಿನ ಮೇಲೆ ವರ್ಗಾಯಿಸಿ, ಉಕ್ಕಿನ ತಗಡಿನ ಬೆಣೆಗಳನ್ನು ಬಿಗಿಯಾಗಿ ಸೇರಿಸಬೇಕು. ಉಕ್ಕಿನ ಬೀಮಿನ ತುದಿಗಳಿಗೆ ಹೊಸ ಪಿಲ್ಲರ್, ಅವುಗಳಿಗೆ ಹೊಸ ಫುಟಿಂಗ್. ಇಷ್ಟೆಲ್ಲ ಮುಗಿದ ಮೇಲೆ ಕೊನೆಗೆ ಪಿಲ್ಲರ್. ಹಾಲಿನ ನಡುವೆ ಎತ್ತರ ಒಂದೂವರೆ ಅಡಿ ಕಡಿಮೆಯಾಗುತ್ತದೆ, ಖರ್ಚು ವರ್ಷಗಳ ಬಾಡಿಗೆಯನ್ನು ತಿಂದುಹಾಕುತ್ತದೆ.

ಹಾಗಾಗಿ ನನ್ನ ತೀರ್ಮಾನವನ್ನು ಭಾವನಿಗೆ ಹೀಗೆ ತಿಳಿಸು. ಪಿಲ್ಲರ್ ಇದ್ದಲ್ಲೇ ಇರಲಿ. ಅಂಗಡಿಯವರು ಅದರ ಸುತ್ತ ಸಾಮಾನಿನ ಕಪಾಟು ಮಾಡಿಕೊಳ್ಳಲಿ, ಒಪ್ಪದಿದ್ದರೆ ಬೇರೆ ಬಾಡಿಗೆದಾರರನ್ನು ನೋಡಿ. ಮನೆ ಕಟ್ಟುವಾಗಿನ ಆರ್‌ಸಿಸಿ ನಕ್ಷೆ ಅಕ್ಕನ ಬೀರುವಿನಲ್ಲಿ ಇರಬೇಕು, ಹುಡುಕಿ ಕಳುಹಿಸು. ಅದು ಕೈಗೆ ಬಂದು, ನಾನು ನೋಡಿ ಹೇಳುವವರೆಗೆ ಯಾರೂ ಆ ಪಿಲ್ಲರ್‌ಗೆ ಉಳಿ ಹಚ್ಚಬಾರದು. ಗಾರೆ ಕೆತ್ತಿ ನೋಡುವುದೂ ಬೇಡ.

ಇತಿ ನಿನ್ನ ಪ್ರೀತಿಯ ಮಾವ